ಹಠವೆಂದು ಕಾಣುವ ಕಾಯಿಲೆ

ಜಿಲ್ಲಾ ಆಸ್ಪತ್ರೆಯೊಂದರ ಮಹಿಳಾ ವಾರ್ಡಿಗೆ ಇಪ್ಪತ್ತೆರಡು ವರ್ಷದ ಹುಡುಗಿಯನ್ನು ಸಂಜೆಹೊತ್ತು ಕರೆತಂದರು ಎಂದಿಟ್ಟುಕೊಳ್ಳಿ. ಒಂದು ವಾರದಿಂದ ಮಾತಿಲ್ಲ, ಮೂರು ದಿನದಿಂದ ಊಟವಿಲ್ಲ. ತಾಯಿ ತುತ್ತಿಟ್ಟರೆ ಅನ್ನ ಬಾಯಲ್ಲೇ ಉಳಿಯುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಗಾಳಿ ಸೋಕಿದೆ ಎಂದು ಊರಲ್ಲಿ ತಾಯತ ಕಟ್ಟಿಸಿಯೂ ಆಗಿದೆ. ಹಗಲು ಪಾಳಿಯವರು ಕೇಸ್ ಶೀಟಿನಲ್ಲಿ ‘ರೋಗಿ ಸಹಕರಿಸುತ್ತಿಲ್ಲ’ ಎಂದು ಬರೆದು ಮನೆಗೆ ಹೋಗಿದ್ದಾರೆ. ಇದು ಕಲ್ಪಿಸಿಕೊಂಡ ಪ್ರಸಂಗವಾದರೂ ಮನೋರೋಗ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಹೊಸದಲ್ಲ.

ರಾತ್ರಿ ಪಾಳಿಯ ನರ್ಸ್ ಬಿ.ಪಿ. ನೋಡಲು ಹುಡುಗಿಯ ಕೈಯನ್ನು ಎತ್ತುತ್ತಾರೆ. ಅಳತೆ ಮುಗಿದು ಪಟ್ಟಿ ಬಿಚ್ಚುತ್ತಾರೆ. ಕೈ ಕೆಳಗೆ ಬೀಳುವುದಿಲ್ಲ. ಎತ್ತಿದಲ್ಲೇ, ಗಾಳಿಯಲ್ಲೇ, ನಿಮಿಷಗಟ್ಟಲೆ ನಿಂತಿರುತ್ತದೆ. ಕಣ್ಣು ತೆರೆದಿದೆ, ರೆಪ್ಪೆ ಮಿಟುಕುವುದು ಅಪರೂಪ. ಮೊಣಕೈಯನ್ನು ಮಡಚಲು ಹೋದರೆ ಬಿಸಿ ತಾಗಿದ ಮೇಣದ ಬತ್ತಿ ಬಾಗುವ ಹಾಗೆ ಮೊದಲು ಸ್ವಲ್ಪ ತಡೆ ಒಡ್ಡಿ, ಆಮೇಲೆ ನಿಧಾನವಾಗಿ ಬಾಗಿ, ಬಾಗಿಸಿದ ಭಂಗಿಯಲ್ಲೇ ಉಳಿಯುತ್ತದೆ. ಸುಮ್ಮನೆ ಹಠ ಮಾಡುವವರ ಕೈ ಹೀಗೆ ವರ್ತಿಸುವುದಿಲ್ಲ. ನರ್ಸ್ ಇದನ್ನು ಗುರುತಿಸಿ ಆಗಲೇ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರೆ ಆ ಹುಡುಗಿಯ ಮುಂದಿನ ಎರಡು ದಿನ ಒಂದು ದಾರಿ ಹಿಡಿಯುತ್ತವೆ. ಮಾಡದಿದ್ದರೆ ಬೇರೆಯೇ ದಾರಿ.

ಈ ಸ್ಥಿತಿಯ ಹೆಸರು ಕ್ಯಾಟಟೋನಿಯಾ. ಜರ್ಮನಿಯ ಗೋರ್ಲಿಟ್ಸ್ ಊರಿನ ವೈದ್ಯ ಕಾರ್ಲ್ ಕಾಲ್ಬಾಮ್ 1874ರಲ್ಲಿ ಇದಕ್ಕೆಂದೇ ಒಂದು ಪುಸ್ತಕ ಬರೆದರು. ಮಾತು, ಚಲನೆ, ಇಚ್ಛೆ ಮೂರೂ ಒಟ್ಟಿಗೆ ಸಿಕ್ಕಿಹಾಕಿಕೊಂಡ ರೋಗಿಗಳ ವಿವರಣೆ ಅದರಲ್ಲಿತ್ತು. ಅವರ ನಂತರ ಬಂದವರು ಇದನ್ನು ಸ್ಕಿಜೋಫ್ರೇನಿಯಾದ ಒಂದು ಬಗೆ ಎಂದು ಸೇರಿಸಿಬಿಟ್ಟರು. ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಈ ತಪ್ಪಿನಿಂದ ರೋಗಿಗಳಿಗೆ ಸಣ್ಣ ಹಾನಿಯಾಗಲಿಲ್ಲ. ತೀವ್ರ ಖಿನ್ನತೆ, ಬೈಪೋಲಾರ್ ಕಾಯಿಲೆ, ಮೆದುಳಿನ ಸೋಂಕು ಅಥವಾ ಉರಿಯೂತ, ದೇಹದ ಲವಣಾಂಶಗಳ ಏರುಪೇರು, ಕೆಲವು ಔಷಧಿಗಳನ್ನು ಥಟ್ಟನೆ ನಿಲ್ಲಿಸುವುದು — ಇವೆಲ್ಲವೂ ಕ್ಯಾಟಟೋನಿಯಾವನ್ನು ತರಬಲ್ಲವು. ಅಮೆರಿಕದ ರೋಗನಿರ್ಣಯ ಕೈಪಿಡಿ 2013ರಲ್ಲಿ ಇದನ್ನು ಸ್ಕಿಜೋಫ್ರೇನಿಯಾದ ಕಟ್ಟಿನಿಂದ ಬಿಡಿಸಿತು. ಅದು ಪಟ್ಟಿ ಮಾಡಿದ ಹನ್ನೆರಡು ಲಕ್ಷಣಗಳಲ್ಲಿ ಮೂರು ಕಂಡರೆ ಕ್ಯಾಟಟೋನಿಯಾ ಎನ್ನಬಹುದು.

ಹಾಸಿಗೆಯ ಪಕ್ಕದಲ್ಲಿ ಬಳಕೆಗೆ ಹೆಚ್ಚು ಒದಗುವುದು 1996ರಲ್ಲಿ ಪ್ರಕಟವಾದ ಬುಷ್–ಫ್ರಾನ್ಸಿಸ್ ಮಾಪಕ. ಅದರ ಮೊದಲ ಹದಿನಾಲ್ಕು ಲಕ್ಷಣಗಳಲ್ಲಿ ಎರಡು ಸಿಕ್ಕರೂ ಅನುಮಾನ ಪಡಬೇಕು. ಪರೀಕ್ಷೆಗೆ ಯಂತ್ರ ಬೇಕಿಲ್ಲ. ರೋಗಿಯೊಡನೆ ಮಾತಾಡುತ್ತಾ ಪರೀಕ್ಷಿಸುವವರು ತಮ್ಮ ತಲೆಯನ್ನು ಎದ್ದುಕಾಣುವ ಹಾಗೆ ಕೆರೆದುಕೊಳ್ಳುತ್ತಾರೆ. ರೋಗಿಯೂ ಹಾಗೇ ಮಾಡಿದರೆ ಅದು ಅನುಕರಣೆ. ‘ನಾನು ಎತ್ತಿದರೂ ಕೈ ಎತ್ತಬೇಡ’ ಎಂದು ಹೇಳಿ ಒಂದು ಬೆರಳಿನಿಂದ ಹಗುರವಾಗಿ ಒತ್ತುತ್ತಾರೆ. ಕೈ ತಾನಾಗಿ ಮೇಲೇರುತ್ತದೆ. ‘ನನ್ನ ಕೈ ಕುಲುಕಬೇಡ’ ಎನ್ನುತ್ತಲೇ ಕೈ ಚಾಚುತ್ತಾರೆ. ರೋಗಿಯ ಕೈ ಅರ್ಧ ಬಂದು, ಹಿಂದೆ ಸರಿದು, ಮತ್ತೆ ಬಂದು ಅಲ್ಲಿಯೇ ತಡವರಿಸುತ್ತದೆ. ಹೇಳಿದ್ದನ್ನೇ ಗಿಳಿಪಾಠದಂತೆ ಮರಳಿ ನುಡಿಯುವುದು, ಮುಖ ಸಿಂಡರಿಸುವುದು, ಅರ್ಥವಿಲ್ಲದ ಒಂದೇ ಚಲನೆಯನ್ನು ಮತ್ತೆಮತ್ತೆ ಮಾಡುವುದು, ಊಟ ನೀರು ನಿರಾಕರಿಸುವುದೂ ಲಕ್ಷಣಗಳೇ. ಎಲ್ಲರೂ ಹೆಪ್ಪುಗಟ್ಟಿ ಮಲಗಿರುವುದಿಲ್ಲ. ಕೆಲವರು ಗೊತ್ತುಗುರಿಯಿಲ್ಲದೆ ಗಂಟೆಗಟ್ಟಲೆ ಓಡಾಡಿ, ಬಟ್ಟೆ ಕಿತ್ತೆಸೆದು, ದಣಿವೇ ಇಲ್ಲದಂತೆ ಉದ್ರಿಕ್ತರಾಗುತ್ತಾರೆ. ಅದೂ ಇದೇ ಕಾಯಿಲೆಯ ಇನ್ನೊಂದು ಮುಖ.

ಈ ಮಾಪಕದ ವಿಧಾನದಲ್ಲೇ ಒಂದು ಸೂಚನೆ ಇದೆ: ಕಳೆದ 24 ಗಂಟೆಯ ದಾಖಲೆ ಓದಬೇಕು, ಅದರಲ್ಲೂ ತಿಂದದ್ದು, ಕುಡಿದದ್ದು, ನಾಡಿ, ರಕ್ತದೊತ್ತಡ, ಜ್ವರ, ನಡೆದ ಘಟನೆಗಳನ್ನು ನೋಡಬೇಕು; ರೋಗಿಗೆ ತಿಳಿಯದಂತೆ ದೂರದಿಂದಲೂ ಗಮನಿಸಬೇಕು. ಈ ದಾಖಲೆ ಬರೆಯುವವರು ನರ್ಸ್. ದೂರದಿಂದ ನೋಡಲು ಸಮಯ ಸಿಗುವುದೂ ಅವರಿಗೇ. ಕ್ಯಾಟಟೋನಿಯಾ ಗಂಟೆಗೊಂದು ರೂಪ ತಾಳುತ್ತದೆ. ಬೆಳಗಿನ ಹತ್ತು ನಿಮಿಷದ ರೌಂಡ್ಸಿನಲ್ಲಿ ರೋಗಿ ಎದ್ದು ಕೂತು ಎರಡು ಮಾತಾಡಿರಬಹುದು. ರಾತ್ರಿ ಎರಡಕ್ಕೆ ದಿಂಬಿನಿಂದ ತಲೆ ಎತ್ತಿ ಹಾಗೇ ಹಿಡಿದುಕೊಂಡಿದ್ದನ್ನು ಕಂಡವರು ನರ್ಸ್ ಒಬ್ಬರೇ. ಅದಕ್ಕೇ ‘ಸಹಕರಿಸುತ್ತಿಲ್ಲ’ ಎನ್ನುವ ಬರಹ ಇಲ್ಲಿ ಅಪಾಯಕಾರಿ. ‘ಎತ್ತಿದ ಕೈ ಎರಡು ನಿಮಿಷ ಹಾಗೇ ಇತ್ತು, ಬೆಳಗಿನಿಂದ ಮೂತ್ರವಿಲ್ಲ, ಬಾಯಲ್ಲಿ ಅನ್ನ ಉಳಿದಿತ್ತು’ ಎಂದು ಬರೆದರೆ ವೈದ್ಯರಿಗೆ ರೋಗವೇ ಕಣ್ಣಿಗೆ ಕಾಣುತ್ತದೆ.

ಅವಸರ ಯಾಕೆ? ಅಲುಗಾಡದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಜಾರಿದರೆ ಸಾವು ಕ್ಷಣಗಳಲ್ಲಿ ಬರಬಹುದು. ನುಂಗದ ತುತ್ತು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ನೀರಿಲ್ಲದೆ ಮೂತ್ರಪಿಂಡ ಸೋಲುತ್ತದೆ, ಬೆನ್ನಿನಲ್ಲಿ ಹುಣ್ಣೇಳುತ್ತದೆ. ಹಾಗಾಗಿ ರೋಗನಿರ್ಣಯಕ್ಕೆ ಕಾಯದೆ ಆ ರಾತ್ರಿಯೇ ನರ್ಸ್ ಬಾಯಿಯಿಂದ ತಿನಿಸುವುದನ್ನು ನಿಲ್ಲಿಸಿ, ಡಾಕ್ಟರ ಆದೇಶದಂತೆ ಡ್ರಿಪ್ ಹಾಕಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕಾಲು ಊದಿದೆಯೇ ಎಂದು ನೋಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಜ್ವರ ಏರಿ, ನಾಡಿ ಓಡಿ, ರಕ್ತದೊತ್ತಡ ಹೊಯ್ದಾಡಿ, ಮೈ ಬಿಗಿದು ಬೆವರತೊಡಗಿದರೆ ಅದು ಮಾರಕ ಕ್ಯಾಟಟೋನಿಯಾ. ಅದಕ್ಕೆ ತೀವ್ರ ನಿಗಾ ಘಟಕವೇ ಬೇಕು. ಮಾತಾಡದ, ಊಟ ಬಿಟ್ಟ ರೋಗಿಗೆ ಮನೋವಿಕಾರವೆಂದು ಹ್ಯಾಲೊಪೆರಿಡಾಲ್‌ನಂತಹ ಇಂಜೆಕ್ಷನ್ ಕೊಟ್ಟಾಗ ಇದನ್ನೇ ಹೋಲುವ, ಜೀವಕ್ಕೇ ಎರವಾಗಬಲ್ಲ ಪ್ರತಿಕ್ರಿಯೆ ಹುಟ್ಟಬಹುದು. ಕ್ಯಾಟಟೋನಿಯಾ ಇದ್ದವರಲ್ಲಿ, ನೀರಿನಂಶ ಬತ್ತಿದವರಲ್ಲಿ ಆ ಅಪಾಯ ಹೆಚ್ಚು. ಉದ್ರಿಕ್ತ ರೋಗಿಗೆ ಈ ಸೂಜಿ ಇನ್ನೂ ಬೇಗ ಬೀಳುತ್ತದೆ. ‘ಡಾಕ್ಟರೇ, ಇದು ಕ್ಯಾಟಟೋನಿಯಾ ಇರಬಹುದಲ್ಲವೇ?’ ಎಂದು ಇಂಜೆಕ್ಷನ್ ಏರಿಸುವ ಮೊದಲೇ ಕೇಳುವ ನರ್ಸ್ ಒಂದು ಜೀವ ಉಳಿಸಬಲ್ಲರು. ಕೇಳಿದ್ದಕ್ಕೆ ಗದರಿಸುವ ವಾರ್ಡಿನಲ್ಲಿ ಆ ಪ್ರಶ್ನೆ ಹುಟ್ಟುವುದಿಲ್ಲ.

ಸರಿಯಾದ ಔಷಧಿ ಸಾಮಾನ್ಯವಾದದ್ದೇ: ಲೋರಜೆಪಾಮ್. ಅದರ ಆಂಪೂಲ್ ಫ್ರಿಜ್ಜಿನಲ್ಲಿರಬೇಕು, ಹಾಗಾಗಿ ಅದು ಎಲ್ಲಿದೆ ಎಂಬುದು ರಾತ್ರಿ ಪಾಳಿಗೆ ಗೊತ್ತಿರಬೇಕು. ಮೊದಲು ಲಕ್ಷಣಗಳಿಗೆ ಅಂಕ ಹಾಕಿ, 1 ಅಥವಾ 2 ಮಿಲಿಗ್ರಾಂ ನರಕ್ಕೆ ಕೊಟ್ಟು, ಐದು ನಿಮಿಷದ ನಂತರ ಮತ್ತೆ ಅಂಕ ಹಾಕುತ್ತಾರೆ. ಅಂಕ ಅರ್ಧದಷ್ಟಾದರೂ ಇಳಿದರೆ ಉತ್ತರ ಸಿಕ್ಕಂತೆ. ನಿದ್ದೆ ಬರಿಸುವ ಈ ಔಷಧಿ ಹೆಪ್ಪುಗಟ್ಟಿದವರನ್ನು ಎಬ್ಬಿಸುತ್ತದೆ. ನಮ್ಮ ಪ್ರಸಂಗದ ಹುಡುಗಿ ಆ ಐದು ನಿಮಿಷದಲ್ಲಿ ತಲೆ ತಿರುಗಿಸಿ ‘ನೀರು’ ಎಂದರೆ ಅದು ಪವಾಡವಲ್ಲ, ಕಾಯಿಲೆಯ ಸ್ವಭಾವ. ಉಸಿರಾಟ ನಿಧಾನವಾಗುತ್ತಿದೆಯೇ ಎಂದು ಕಾಯುವ ಕೆಲಸವೂ ನರ್ಸ್‌ದೇ. ಎಲ್ಲರೂ ಹೀಗೆ ತಿರುಗಿ ಬರುವುದಿಲ್ಲ. ದೀರ್ಘಕಾಲದ ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಫಲ ಕಡಿಮೆ. ಔಷಧಿಗೆ ಮಣಿಯದವರಿಗೆ, ಮಾರಕ ಬಗೆಯವರಿಗೆ ಜನ ‘ಕರೆಂಟ್ ಕೊಡುವುದು’ ಎನ್ನುವ ಇ.ಸಿ.ಟಿ. ಅತ್ಯಂತ ಪರಿಣಾಮಕಾರಿ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಅದನ್ನು ಕೊಡುವುದನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ಹುಡುಗಿ ಮಾತಾಡಿದಳೆಂದು ಕೆಲಸ ಮುಗಿಯಲಿಲ್ಲ. ಈ ವಯಸ್ಸಿನಲ್ಲಿ ಮೊದಲ ಬಾರಿ ಹೀಗಾದರೆ ಮೆದುಳಿನ ಮೇಲೆ ದೇಹವೇ ದಾಳಿ ಮಾಡುವ ಒಂದು ಉರಿಯೂತವನ್ನೂ ಹುಡುಕಬೇಕು. 2007ರಲ್ಲಿ ವಿವರಿಸಲಾದ ಈ ಕಾಯಿಲೆ ಅಂಡಾಶಯದ ಗೆಡ್ಡೆಯಿಂದಲೂ ಬರುತ್ತದೆ. ಮರುದಿನ ರಕ್ತ, ಇ.ಇ.ಜಿ., ಬೆನ್ನಹುರಿಯ ದ್ರವದ ಪರೀಕ್ಷೆಗಳು ನಡೆಯುತ್ತವೆ. ಉಪವಾಸವಿದ್ದ ದೇಹಕ್ಕೆ ಊಟವನ್ನೂ ನಿಧಾನವಾಗಿ, ಲವಣಾಂಶ ನೋಡುತ್ತಾ ಕೊಡಬೇಕಾಗುತ್ತದೆ.

ಚೇತರಿಸಿಕೊಂಡ ಅನೇಕರು ಆ ದಿನಗಳಲ್ಲಿ ಸುತ್ತಲಿನವರು ಆಡಿದ್ದೆಲ್ಲ ಕೇಳಿಸುತ್ತಿತ್ತು, ವಿಪರೀತ ಭಯವಾಗುತ್ತಿತ್ತು ಎಂದು ಹೇಳುತ್ತಾರೆ. ಆದ್ದರಿಂದ ಅನುಭವಿ ನರ್ಸ್‌ಗಳು ಉತ್ತರ ಬರದಿದ್ದರೂ ಹೆಸರು ಹಿಡಿದು ಕರೆಯುತ್ತಾರೆ, ‘ಸೂಜಿ ಚುಚ್ಚುತ್ತೇನಮ್ಮ’ ಎಂದು ಹೇಳಿಯೇ ಚುಚ್ಚುತ್ತಾರೆ. ಬಿಡುಗಡೆಯ ದಿನ ತಾಯಿಯನ್ನು ಕೂರಿಸಿಕೊಂಡು ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸಿ ಎನ್ನುತ್ತಾರೆ. ಮಗಳ ಮಾತು ಕಡಿಮೆಯಾಗಿ ತುತ್ತು ಬಾಯಲ್ಲಿ ಉಳಿಯತೊಡಗಿದರೆ, ಮುಂದಿನ ತಾರೀಖಿಗೆ ಕಾಯದೆ ಅಂದೇ ಕರೆತನ್ನಿ ಎಂದು ಚೀಟಿಯ ಮೇಲೂ ಬರೆದುಕೊಡುತ್ತಾರೆ.