ಗೇನ್ ಜಾಸ್ತಿ ಮಾಡಿದ್ರೆ ಸರ್ವೋ ಬೇಗ ನಿಲ್ಲುತ್ತಾ?

ಸತ್ಯಮಂಗಲ ಇಂಡಸ್ಟ್ರಿಯಲ್ ಏರಿಯಾ ಇರುವ ನಮ್ಮ ತುಮಕೂರಲ್ಲಿ ಸಿಎನ್‌ಸಿ ಮಷೀನ್ ಅಂದ್ರೆ ಹೊಸ ವಿಷಯ ಅಲ್ಲ. ಆ ಮಷೀನಿನ ಒಂದೊಂದು ಆಕ್ಸಿಸ್ ಕೂಡ ಒಂದು ಪೊಸಿಷನ್ ಸರ್ವೋ. ಮೋಟಾರ್ ತಿರುಗಿದ್ರೆ ಬಾಲ್ ಸ್ಕ್ರೂ ತಿರುಗುತ್ತೆ, ಟೇಬಲ್ ಮುಂದೆ ಹೋಗುತ್ತೆ, ಟೇಬಲ್ ಎಲ್ಲಿದೆ ಅಂತ ಎನ್‌ಕೋಡರ್ ಹೇಳುತ್ತೆ. ಹೋಗಬೇಕಾದ ಜಾಗಕ್ಕೂ ಈಗ ಇರುವ ಜಾಗಕ್ಕೂ ಎಷ್ಟು ವ್ಯತ್ಯಾಸ ಇದೆಯೋ, ಅದನ್ನ ಗೇನ್‌ನಿಂದ ಗುಣಿಸಿ ಮೋಟಾರಿಗೆ ಕೊಡೋದು. ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದ ಸೆಕೆಂಡ್ ಆರ್ಡರ್ ಸಿಸ್ಟಮ್ ಅಂದ್ರೆ ಇದೇ.

ಟೇಬಲ್ 10 ಮಿ.ಮೀ. ಸರಿಯಬೇಕು ಅಂದುಕೊಳ್ಳಿ. ಬೇಗ ಹೋಗಿ ನಿಲ್ಲಲಿ ಅಂತ ಗೇನ್ ಜಾಸ್ತಿ ಮಾಡೋಣ ಅನ್ನಿಸುತ್ತೆ. ಆದ್ರೆ ಗೇನ್ ಎಷ್ಟೇ ಏರಿಸಿದ್ರೂ ಒಂದು ಹಂತ ಆದ ಮೇಲೆ ಟೇಬಲ್ ಬೇಗ *ತಲುಪುತ್ತೆ*, ಬೇಗ *ನಿಲ್ಲಲ್ಲ*. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಮೊದಲು ಓವರ್‌ಶೂಟ್ ಎಲ್ಲಿಂದ ಬರುತ್ತೆ ಅಂತ ತಿಳ್ಕೊಳ್ಳೋಣ. ಟೇಬಲ್ ಸರಿಯಾಗಿ 10 ಮಿ.ಮೀ. ಮುಟ್ಟಿದ ಕ್ಷಣದಲ್ಲಿ ಎರರ್ ಸೊನ್ನೆ, ಹಾಗಾಗಿ ಕಂಟ್ರೋಲರ್ ಏನೂ ತಳ್ಳುತ್ತಿಲ್ಲ. ಆದ್ರೆ ಟೇಬಲ್‌ಗೆ ಇನ್ನೂ ವೇಗ ಇದೆ. ಆ ವೇಗ ಸಾಯೋವರೆಗೂ ಅದು ಮುಂದೆ ಹೋಗೇ ಹೋಗುತ್ತೆ. ಗುರಿ ದಾಟಿದ ಕೂಡಲೇ ಎರರ್ ಉಲ್ಟಾ ಆಗಿ ಹಿಂದಕ್ಕೆ ಎಳೆಯೋಕೆ ಶುರು ಮಾಡುತ್ತೆ. ಈ ವೇಗವನ್ನ ತಿನ್ನುವುದು ಘರ್ಷಣೆ ಮತ್ತು ಮೋಟಾರಿನ ಬ್ಯಾಕ್ ಇಎಂಎಫ್. ಡ್ಯಾಂಪಿಂಗ್ ಅಂದ್ರೆ ಇದು.

ಮೋಟಾರ್, ಸ್ಕ್ರೂ, ಟೇಬಲ್ ಎಲ್ಲಾ ಸೇರಿ ಟೈಮ್ ಕಾನ್‌ಸ್ಟಂಟ್ T = 0.05 ಸೆಕೆಂಡ್ ಇರಲಿ. ಲೆಕ್ಕಕ್ಕೆ ಸುಲಭ ಅಂತ ಈ ಸಂಖ್ಯೆ ತಗೊಂಡಿದ್ದೀನಿ. ಲೂಪಿನ ಒಟ್ಟು ಗೇನ್ K. ಲೂಪ್ ಮುಚ್ಚಿದ ಮೇಲೆ ಬರುವ ಸಮೀಕರಣವನ್ನ ಪುಸ್ತಕದ ರೂಪದ ಪಕ್ಕ ಇಟ್ಟು ನೋಡಿ:

```
s² + (1/T)s + K/T = 0
s² + 2ζωn·s + ωn² = 0
```

ಹೋಲಿಸಿದ್ರೆ ωn² = K/T, 2ζωn = 1/T. ಎರಡನೇದನ್ನ ಸ್ವಲ್ಪ ನಿಂತು ನೋಡಿ. ಅದರಲ್ಲಿ K ಇಲ್ವೇ ಇಲ್ಲ! ಅಂದ್ರೆ ζ ಮತ್ತು ωn ಬೇರೆ ಬೇರೆಯಾಗಿ ಬದಲಾಗಬಹುದು, ಆದ್ರೆ ಅವೆರಡರ ಗುಣಲಬ್ಧ ಬದಲಾಗಲ್ಲ. ನಮ್ಮ ಟೇಬಲ್‌ಗೆ ζωn = 10. ಗೇನ್ ಏರಿಸಿದ್ರೆ ωn ಎಷ್ಟು ಪಟ್ಟು ಏರುತ್ತೋ, ಡ್ಯಾಂಪಿಂಗ್ ರೇಷಿಯೋ ζ ಅಷ್ಟೇ ಪಟ್ಟು ಇಳಿಯುತ್ತೆ.

ಈಗ ಮೂರು ಅಳತೆಗಳ ಸೂತ್ರ ನೋಡಿ. ಇವು ζ ಒಂದಕ್ಕಿಂತ ಕಡಿಮೆ ಇದ್ದಾಗ ಮಾತ್ರ:

```
Mp = e^(−πζ/√(1−ζ²))
tr = (π − cos⁻¹ζ)/ωd,   ωd = ωn√(1−ζ²)
ts ≈ 4/(ζωn)
```

ಓವರ್‌ಶೂಟ್ Mp ಗೆ ζ ಒಂದೇ ಸಾಕು. ರೈಸ್ ಟೈಮ್ tr, ಅಂದ್ರೆ ಮೊದಲ ಸಲ ಗುರಿ ಮುಟ್ಟುವ ಸಮಯ, ಮುಖ್ಯವಾಗಿ ωn ಮೇಲೆ ನಿಂತಿದೆ. ಸೆಟ್ಲಿಂಗ್ ಟೈಮ್ ts, ಅಂದ್ರೆ ಗುರಿಯ 2% ಒಳಗೆ ಬಂದು ಅಲ್ಲೇ ಉಳಿಯಲು ಬೇಕಾದ ಸಮಯ, ಆ ಗುಣಲಬ್ಧದ ಮೇಲೆ ನಿಂತಿದೆ. ಗುಣಲಬ್ಧ ಅಲ್ಲಾಡಲ್ಲ ಅಂತ ಈಗಷ್ಟೇ ನೋಡಿದ್ವಿ.

K = 10 ಇಟ್ರೆ ζ = 0.71. ಓವರ್‌ಶೂಟ್ 4.3%, ರೈಸ್ ಟೈಮ್ 0.24 ಸೆಕೆಂಡ್, ಸೆಟ್ಲಿಂಗ್ 0.4 ಸೆಕೆಂಡ್. K = 20 ಮಾಡಿದ್ರೆ ζ = 0.5 ಆಗುತ್ತೆ. ಓವರ್‌ಶೂಟ್ 16%, ರೈಸ್ ಟೈಮ್ ಅರ್ಧಕ್ಕೆ ಇಳಿದು 0.12, ಸೆಟ್ಲಿಂಗ್ ಅದೇ 0.4. ಇನ್ನೂ ಧೈರ್ಯ ಮಾಡಿ K = 80 ಮಾಡಿದ್ರೆ ζ = 0.25. ರೈಸ್ ಟೈಮ್ 0.05 ಸೆಕೆಂಡ್‌ಗಿಂತ ಕಡಿಮೆ, ನೋಡೋಕೆ ಸಕತ್ ಫಾಸ್ಟ್. ಆದ್ರೆ ಓವರ್‌ಶೂಟ್ 44%, ಸೆಟ್ಲಿಂಗ್ ಮತ್ತೆ ಅದೇ 0.4! ಬೇಗ ಮುಟ್ಟಿ ಉಳಿಸಿದ ಸಮಯವನ್ನೆಲ್ಲ ಆಚೆ ಈಚೆ ತೂಗಾಡಿ ಕಳೆದುಬಿಡ್ತು.

10 ಮಿ.ಮೀ. ಲೆಕ್ಕದಲ್ಲಿ 16% ಅಂದ್ರೆ ಟೇಬಲ್ 1.6 ಮಿ.ಮೀ. ಆಚೆ ಹೋಗಿ ವಾಪಸ್ ಬಂತು ಅಂತ. ಗಡಿಯಾರದ ಮುಳ್ಳು ಹಾಗೆ ಮಾಡಿದ್ರೆ ಪರವಾಗಿಲ್ಲ, ಅದು ವಾಪಸ್ ಬಂದ್ರೆ ಮುಗೀತು. ಕಟಿಂಗ್ ಟೂಲ್ ಹಾಗಲ್ಲ. ಅದು ಆಚೆ ಹೋದಷ್ಟು ಲೋಹ ಕತ್ತರಿಸಿರುತ್ತೆ, ಟೂಲ್ ವಾಪಸ್ ಬಂದ್ರೂ ಲೋಹ ವಾಪಸ್ ಬರಲ್ಲ. ಕ್ಲಾಸಲ್ಲಿ ζ = 0.7 ಒಳ್ಳೇದು ಅಂತ ಓದ್ತೀವಿ, ಆದ್ರೆ ಇಲ್ಲಿ 4% ಓವರ್‌ಶೂಟ್ ಕೂಡ ಜಾಬ್ ಅನ್ನ ಸ್ಕ್ರ್ಯಾಪ್‌ಗೆ ಹಾಕಿಸುತ್ತೆ.

ಹಾಗಾದ್ರೆ ζ = 1 ಇಡೋಣ ಅಂದ್ರೆ K = 5 ಕ್ಕೆ ಇಳಿಸಬೇಕು. ಓವರ್‌ಶೂಟ್ ಸೊನ್ನೆ, ಆದ್ರೆ ಸೆಟ್ಲಿಂಗ್ 0.58 ಸೆಕೆಂಡ್. ಒಂದೇ ತಿರುಪು ಇದ್ರೆ ಇಷ್ಟೇ ಆಗೋದು.

ಎರಡನೇ ತಿರುಪು ವೇಗದ ಫೀಡ್‌ಬ್ಯಾಕ್. ಟೇಬಲ್ ಎಷ್ಟು ವೇಗವಾಗಿ ಹೋಗ್ತಿದೆ ಅಂತ ಅಳೆದು, ಅದಕ್ಕೆ ತಕ್ಕಷ್ಟು ಎರರ್‌ನಿಂದ ಕಳೆಯೋದು. ಆಗ ಟೇಬಲ್ ಗುರಿ ಮುಟ್ಟೋಕೆ ಮುಂಚೆಯೇ ಮೋಟಾರ್ ಬ್ರೇಕ್ ಹಾಕೋಕೆ ಶುರು ಮಾಡುತ್ತೆ. ಈ ಫೀಡ್‌ಬ್ಯಾಕ್‌ನ ಗೇನ್ Kt ಅಂತ ಇಟ್ಕೊಂಡ್ರೆ ನಡುವಿನ ಪದ ಬದಲಾಗುತ್ತೆ:

```
2ζωn = (1 + K·Kt)/T
```

ಗುಣಲಬ್ಧ ಈಗ ನಮ್ಮ ಕೈಗೆ ಬಂತು. K = 80 ಅನ್ನೇ ಇಟ್ಕೊಳ್ಳಿ, ωn = 40. ζ = 1 ಬೇಕಂದ್ರೆ 80 = 20(1 + 80Kt), ಅಂದ್ರೆ Kt = 0.0375 ಸೆಕೆಂಡ್. ಓವರ್‌ಶೂಟ್ ಸೊನ್ನೆ, ಸೆಟ್ಲಿಂಗ್ ಸುಮಾರು 0.15 ಸೆಕೆಂಡ್. ಅದೇ ωn ಇಟ್ಟು ζ = 0.7 ಮಾಡಿದ್ರೂ 2% ಸೆಟ್ಲಿಂಗ್ ಸುಮಾರು 0.15 ಸೆಕೆಂಡೇ ಬರುತ್ತೆ, ಯಾಕಂದ್ರೆ ಅಲ್ಲಿ 4.6% ಆಚೆ ಹೋಗಿ ವಾಪಸ್ ಬರೋಕೆ ಸಮಯ ಬೇಕು. ಹಾಗಿದ್ದಾಗ ಟೂಲ್ ಆಚೆ ಹೋಗುವ ರಿಸ್ಕ್ ಯಾಕೆ ತಗೋಬೇಕು? ನಿಜವಾದ ಸರ್ವೋ ಡ್ರೈವ್‌ಗಳಲ್ಲಿ ಪೊಸಿಷನ್ ಲೂಪ್ ಒಳಗೆ ವೆಲಾಸಿಟಿ ಲೂಪ್ ಒಂದು ಇರುತ್ತಲ್ಲ, ಅದು ಮಾಡೋ ಕೆಲಸಗಳಲ್ಲಿ ಇದೂ ಒಂದು.

ಲ್ಯಾಬಲ್ಲಿ ನಿಮ್ಮ ಮುಂದೆ ಒಂದು ಸರ್ವೋ ಇದ್ರೆ ಲೆಕ್ಕವನ್ನ ಉಲ್ಟಾ ಮಾಡಿ. ಗ್ರಾಫಲ್ಲಿ ಓವರ್‌ಶೂಟ್ 16% ಕಂಡ್ರೆ ζ = 0.5. ಮೊದಲ ಶಿಖರ 0.18 ಸೆಕೆಂಡಿಗೆ ಬಂದಿದ್ರೆ ωd = π/0.18, ಅಂದ್ರೆ ಸುಮಾರು 17.5, ಅದರಿಂದ ωn ಸುಮಾರು 20. ಎರಡೇ ಓದುಗಳಿಂದ ಇಡೀ ಮಾಡೆಲ್ ಸಿಕ್ಕಿತು.

ಆದ್ರೆ ಅದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಸ್ಟೆಪ್ ಅನ್ನ ಎರಡು ಪಟ್ಟು ಮಾಡಿ ಮತ್ತೆ ಗ್ರಾಫ್ ತೆಗೀರಿ. ಓವರ್‌ಶೂಟ್‌ನ ಶೇಕಡಾ ಮತ್ತು ಸಮಯಗಳು ಹಾಗೇ ಉಳಿದ್ರೆ ಮೇಲಿನ ಸೂತ್ರಗಳನ್ನ ನಂಬಬಹುದು. ದೊಡ್ಡ ಸ್ಟೆಪ್‌ಗೆ ರೈಸ್ ಟೈಮ್ ಉದ್ದ ಆದ್ರೆ ಡ್ರೈವ್ ತನ್ನ ಕರೆಂಟ್ ಅಥವಾ ವೋಲ್ಟೇಜ್ ಮಿತಿ ಮುಟ್ಟಿದೆ ಅಂತ ಅರ್ಥ. ಗೇನ್ ಕೇಳಿದಷ್ಟು ತಳ್ಳೋಕೆ ಅದಕ್ಕೆ ಆಗ್ತಿಲ್ಲ. ತೀರಾ ಚಿಕ್ಕ ಸ್ಟೆಪ್ ಕೊಟ್ರೆ ಘರ್ಷಣೆಯಲ್ಲಿ ಸಿಕ್ಕಿಕೊಂಡು ಗುರಿಗೆ ಮುಂಚೆಯೇ ನಿಂತುಬಿಡಬಹುದು. ಇವೆರಡರ ನಡುವಿನ ಅಳತೆಯ ಸ್ಟೆಪ್ ಹುಡುಕಿ, ಅದರ ಗ್ರಾಫಿನಿಂದಲೇ ζ ಓದಿ.