ಒಂದು ಕಿವಿ ದಿಢೀರನೆ ಕೇಳಿಸದಾದರೆ

ಬೆಳಿಗ್ಗೆ ಎದ್ದು ಫೋನನ್ನು ಎಡಗಿವಿಗೆ ಹಿಡಿದರೆ ಮಾತೇ ಕೇಳುತ್ತಿಲ್ಲ, ಗುಂಯ್ ಎಂಬ ಸದ್ದು ಮಾತ್ರ. ಬಲಗಿವಿ ಸರಿಯಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಗುಗ್ಗೆ ಕಟ್ಟಿದೆ ಅಥವಾ ನೆಗಡಿಯ ಪ್ರಭಾವ ಎಂದುಕೊಂಡು, ಕಿವಿಗೆ ಎಣ್ಣೆ ಬಿಟ್ಟು ವಾರ ಕಳೆಯುತ್ತಾರೆ. ನನ್ನನ್ನು ಕಳವಳಗೊಳಿಸುವುದು ಈ ಕಳೆದುಹೋಗುವ ವಾರವೇ.

ಬಾಯಿ ಮುಚ್ಚಿ ‘ಮ್‌ಮ್’ ಎಂದು ಗುನುಗಿ ನೋಡಿ. ಗುಗ್ಗೆ ಕಟ್ಟಿದ್ದರೆ ಆ ಸದ್ದು ಮಂದವಾದ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ಒಳಗಿವಿ ಅಥವಾ ನರ ಸೋತಿದ್ದರೆ ಚೆನ್ನಾಗಿರುವ ಕಿವಿಯ ಕಡೆಗೆ ವಾಲುತ್ತದೆ. ವೈದ್ಯರು ಟ್ಯೂನಿಂಗ್ ಫೋರ್ಕನ್ನು ಹಣೆಗಿಟ್ಟು ನೋಡುವುದೂ ಇದನ್ನೇ. ಆದರೆ ಇದು ಸುಳಿವು ಮಾತ್ರ. ಆಡಿಯೋಮೆಟ್ರಿ ಪರೀಕ್ಷೆಯೇ ಖಚಿತ.

72 ಗಂಟೆಗಳೊಳಗೆ, ಅಕ್ಕಪಕ್ಕದ ಮೂರು ಸ್ವರಮಟ್ಟಗಳಲ್ಲಿ ಕನಿಷ್ಠ 30 ಡೆಸಿಬಲ್ ಶ್ರವಣ ಕುಸಿದಿದ್ದರೆ ಅದು ದಿಢೀರ್ ಕಿವುಡು. ಬಹುಪಾಲು ರೋಗಿಗಳಲ್ಲಿ ಕಾರಣ ಸಿಗುವುದಿಲ್ಲ. ಕೆಲವರಿಗೆ ತಾನಾಗಿಯೇ ಶ್ರವಣ ಮರಳುವುದುಂಟು, ಆದರೆ ಯಾರಿಗೆಂದು ಮೊದಲೇ ಹೇಳಲಾಗದು. ಹಾಗಾಗಿ ಸ್ಟೀರಾಯ್ಡ್ ಚಿಕಿತ್ಸೆಯನ್ನು ಮೊದಲ ದಿನಗಳಲ್ಲೇ, ತಡವೆಂದರೆ ಎರಡು ವಾರದೊಳಗೆ ಆರಂಭಿಸುತ್ತಾರೆ. ಆಮೇಲೆ ಫಲದ ಸಾಧ್ಯತೆ ಇಳಿಯುತ್ತದೆ. ಮಧುಮೇಹಿಗಳಲ್ಲಿ ಮಾತ್ರೆ ಸಕ್ಕರೆಯನ್ನು ಏರಿಸುವುದರಿಂದ, ಔಷಧವನ್ನು ಕಿವಿತಮಟೆಯ ಮೂಲಕ ನೇರವಾಗಿ ಚುಚ್ಚುವುದೂ ಇದೆ. ನರದ ಗಡ್ಡೆ ಇಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಎಂಆರ್‌ಐ ಮಾಡಿಸುತ್ತಾರೆ. ಅದಕ್ಕಾಗಿ ಚಿಕಿತ್ಸೆ ಕಾಯಬೇಕಿಲ್ಲ.

ಜೊತೆಗೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಅಥವಾ ನಿಲ್ಲಲಾಗದಷ್ಟು ತಲೆ ಸುತ್ತಿದರೆ ಅದು ಪಾರ್ಶ್ವವಾಯುವಿರಬಹುದು. ಆಗ ಕಿವಿ ವೈದ್ಯರಲ್ಲಿಗಲ್ಲ, ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.