ಎರಡು ಕಂಬಸಾಲುಗಳ ನಡುವೆ ಸಿಗುವ ಉತ್ತರ

ಕಂಪ್ಯೂಟರ್ ಇಲ್ಲದ ಪರೀಕ್ಷಾ ಕೊಠಡಿಯಲ್ಲಿ ಪಿ-ಮೌಲ್ಯ ನಿಖರವಾಗಿ ಸಿಗುವುದಿಲ್ಲ. ಅದು ಯಾವ ಎರಡು ಸಂಖ್ಯೆಗಳ ನಡುವೆ ಇದೆ ಎಂಬುದನ್ನು ಮಾತ್ರ ಅಚ್ಚಾದ ಕೋಷ್ಟಕ ಹೇಳುತ್ತದೆ. 1925ರಲ್ಲಿ ಫಿಷರ್ ತಮ್ಮ ಪುಸ್ತಕದಲ್ಲಿ ಆಯ್ದ ಕೆಲವೇ ಸಂಭಾವ್ಯತೆಗಳಿಗೆ ಕಂಬಸಾಲು ಕೊಟ್ಟರು. ಇಂದಿನ ಕೋಷ್ಟಕಗಳೂ ಹಾಗೆಯೇ ಇವೆ.

ಹದಿನೈದು ಮಾಪನಗಳಿಂದ ಟಿ ಬೆಲೆ 2.40 ಬಂದಿದೆ ಎನ್ನಿ. ಸ್ವಾತಂತ್ರ್ಯದ ಅಂಶ ಒಂದು ಕಡಿಮೆ, ಅಂದರೆ 14. ಆ ಸಾಲಿನಲ್ಲಿ ಬೆರಳಿಟ್ಟು ಬಲಕ್ಕೆ ಸರಿದರೆ 2.145 ಮತ್ತು 2.624ರ ನಡುವೆ 2.40 ಕೂರುತ್ತದೆ. ಮೇಲೆ ನೋಡಿದರೆ ಒಂದು ಬಾಲದ ಶೀರ್ಷಿಕೆಗಳು 0.025 ಮತ್ತು 0.01. ಟಿ ದೊಡ್ಡದಾದಷ್ಟೂ ಪಿ ಚಿಕ್ಕದು, ಆದ್ದರಿಂದ 0.01 < p < 0.025.

ಎಡವುವುದು ಇಲ್ಲಿಯೇ. ಪ್ರಶ್ನೆ ‘ಬೇರೆಯಾಗಿದೆಯೇ’ ಎಂದು ಕೇಳಿದ್ದರೆ ಪರೀಕ್ಷೆ ಎರಡು ಬಾಲದ್ದು. ಎರಡೂ ತುದಿಗಳನ್ನು ದ್ವಿಗುಣಗೊಳಿಸಿ 0.02 < p < 0.05 ಎಂದು ಬರೆಯಬೇಕು. ಕೆಲವು ಕೋಷ್ಟಕಗಳ ಶೀರ್ಷಿಕೆಯೇ ಎರಡು ಬಾಲದ್ದಾಗಿರುತ್ತದೆ. ಅಲ್ಲಿ ಮತ್ತೆ ದ್ವಿಗುಣಗೊಳಿಸಿದರೆ ತಪ್ಪು.

ಕೈ-ವರ್ಗದಲ್ಲಿ ಆ ಗೊಂದಲವಿಲ್ಲ, ಬಲಬದಿಯ ಬಾಲವೊಂದೇ ಸಾಕು. ಮೆಂಡೆಲ್ ಎಣಿಸಿದ ಬಟಾಣಿಗಳು 315, 108, 101 ಮತ್ತು 32. ಅವು 9:3:3:1 ಅನುಪಾತಕ್ಕೆ ಹೊಂದುತ್ತವೆಯೇ? ಲೆಕ್ಕ ಹಾಕಿದರೆ ಕೈ-ವರ್ಗ 0.470, ಸ್ವಾತಂತ್ರ್ಯದ ಅಂಶ 3. ಆ ಸಾಲಿನಲ್ಲಿ 0.352ರ ಮೇಲೆ 0.95, 0.584ರ ಮೇಲೆ 0.90 ಇದೆ. ಹಾಗಾಗಿ 0.90 < p < 0.95; ಅನುಪಾತವನ್ನು ತಳ್ಳಿಹಾಕಲು ಕಾರಣವಿಲ್ಲ. ಕೋಷ್ಟಕ 0.10ರಿಂದಲೇ ಶುರುವಾಗಿದ್ದರೆ ಮೊದಲ ಸಂಖ್ಯೆ 6.251, ಆಗ p > 0.10 ಎಂದಷ್ಟೇ ಬರೆದರೂ ತೀರ್ಮಾನ ಬದಲಾಗದು.